ಸೈನಿಕರು ಒಯ್ದ ಕಾರು, ಮೂವತ್ತು ವರ್ಷದ ಲೆಕ್ಕ

ಪ್ರಶ್ನೆ: 1990ರಲ್ಲಿ ನಮ್ಮಪ್ಪ ಕುವೈತ್‌ನಲ್ಲಿ ಕೆಲಸದಲ್ಲಿದ್ದರು. ಇರಾಕಿನ ಸೈನಿಕರು ಬಂದು ಅವರ ಕಾರು ತೆಗೆದುಕೊಂಡು ಹೋದರಂತೆ, ಒಂದು ಚೀಟಿ ಕೂಡ ಕೊಡಲಿಲ್ಲವಂತೆ. ಎಷ್ಟೋ ವರ್ಷ ಆದಮೇಲೆ ವಿಶ್ವಸಂಸ್ಥೆಯದ್ದು ಅಂತ ಸ್ವಲ್ಪ ದುಡ್ಡು ಬಂತು. ಯುದ್ಧದಲ್ಲಿ ಗೆದ್ದು ಊರನ್ನೇ ಹಿಡಿದ ಮೇಲೆ ಅಲ್ಲಿರೋದೆಲ್ಲ ಗೆದ್ದವರದ್ದೇ ಅಲ್ವಾ? ಹಾಗಿದ್ದರೆ ಆ ದುಡ್ಡು ಯಾಕೆ ಬಂತು?
— ಒಬ್ಬ ಓದುಗರು, ಮಂಗಳೂರು

ಉತ್ತರ: ಹಳೆಯ ಕಾಲದಲ್ಲಿ ನೀವು ಹೇಳಿದ ಹಾಗೇ ಇತ್ತು. ಕೋಟೆ ಬಿದ್ದ ದಿನವೇ ಒಳಗಿನ ಚಿನ್ನ, ದನ, ಧಾನ್ಯ ಎಲ್ಲ ಗೆದ್ದವರ ಪಾಲಾಗುತ್ತಿತ್ತು. ಈಗಿನ ಕಾನೂನು ಅದನ್ನು ಒಪ್ಪುವುದಿಲ್ಲ. 1907ರ ಹೇಗ್ ನಿಯಮಗಳು ಮತ್ತು 1949ರ ನಾಲ್ಕನೇ ಜಿನೀವಾ ಒಪ್ಪಂದ, ಇವೆರಡೂ ಒಂದೇ ಮಾತಿನ ಮೇಲೆ ನಿಂತಿವೆ. ಪರರ ನೆಲವನ್ನು ಹಿಡಿದ ಸೈನ್ಯ ಅಲ್ಲಿಗೆ ಮಾಲೀಕ ಆಗುವುದಿಲ್ಲ. ಯುದ್ಧ ಮುಗಿದು ನಿಜವಾದ ಒಡೆಯರು ವಾಪಸ್ ಬರುವ ತನಕ ಆ ನೆಲವನ್ನು, ಅಲ್ಲಿನ ಜನರನ್ನು ನೋಡಿಕೊಳ್ಳುವ ಹೊಣೆ ಮಾತ್ರ ಅದರ ತಲೆ ಮೇಲೆ ಬೀಳುತ್ತದೆ.

ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ, ಯಾಕಂದರೆ ಭೋಗ್ಯ ಅಂದರೆ ಏನು ಅಂತ ನಮಗೆ ಗೊತ್ತು. ತೋಟವನ್ನು ಭೋಗ್ಯಕ್ಕೆ ಹಾಕಿಸಿಕೊಂಡವರು ತೆಂಗಿನಕಾಯಿ ಕೀಳಬಹುದು, ಅಡಿಕೆ ಕೊಯ್ಯಬಹುದು. ಮರ ಕಡಿದು ಮಾರುವ ಹಾಗಿಲ್ಲ, ತೋಟವನ್ನು ಬೇರೆಯವರಿಗೆ ಕ್ರಯ ಮಾಡಿಕೊಡುವ ಹಾಗಿಲ್ಲ. ಹೇಗ್ ನಿಯಮಗಳ 55ನೇ ವಿಧಿ ಸರ್ಕಾರಿ ಜಮೀನು, ಕಾಡು, ಕಟ್ಟಡಗಳ ಬಗ್ಗೆ ಹೇಳುವುದು ಹೆಚ್ಚುಕಡಿಮೆ ಇದನ್ನೇ. ಆದಾಯ ಅನುಭವಿಸು, ಮೂಲವನ್ನು ಮುಟ್ಟಬೇಡ.

ನಿಮ್ಮ ತಂದೆಯವರ ಕಾರಿನ ವಿಷಯ ಸ್ವಲ್ಪ ಬೇರೆ, ಅದು ಖಾಸಗಿ ಆಸ್ತಿ. 46ನೇ ವಿಧಿ ಖಾಸಗಿ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಳ್ಳಬಾರದು ಅನ್ನುತ್ತದೆ. 47ನೇ ವಿಧಿ ಲೂಟಿ ನಿಷಿದ್ಧ ಅನ್ನುತ್ತದೆ. ಅಷ್ಟಕ್ಕೇ ನಿಂತಿದ್ದರೆ ಉತ್ತರ ಸರಳವಾಗಿತ್ತು. ಆದರೆ ಸೈನ್ಯಕ್ಕೂ ಓಡಾಡಬೇಕು, ಉಣ್ಣಬೇಕು ಅನ್ನುವುದನ್ನು ಈ ಕಾನೂನು ಬರೆದವರು ಮರೆತಿರಲಿಲ್ಲ. ಹಾಗಾಗಿ ಎರಡು ಬಾಗಿಲು ಇಟ್ಟರು.

ಒಂದು, 52ನೇ ವಿಧಿ. ಊರಿನಲ್ಲಿರುವ ಸೈನ್ಯದ ಅಗತ್ಯಕ್ಕೆ ಅಂತ ಜನರಿಂದ ವಸ್ತು, ಸೇವೆ ಕೇಳಬಹುದು. ಆದರೆ ಆ ಜಾಗದ ಕಮಾಂಡರ್ ಆದೇಶ ಇರಬೇಕು, ಊರಿನ ಶಕ್ತಿಗೆ ಮೀರಿ ಕೇಳಬಾರದು, ಆದಷ್ಟೂ ಅಲ್ಲೇ ನಗದು ಕೊಡಬೇಕು. ನಗದು ಇಲ್ಲದಿದ್ದರೆ ರಸೀದಿ ಕೊಟ್ಟು ಬೇಗ ಹಣ ತೀರಿಸಬೇಕು. ಇನ್ನೊಂದು, 53ನೇ ವಿಧಿಯ ಎರಡನೇ ಭಾಗ. ಜನರನ್ನು, ಸರಕನ್ನು ಸಾಗಿಸುವ ವಾಹನಗಳು ಖಾಸಗಿಯವರದ್ದಾದರೂ ಸೈನ್ಯ ವಶಕ್ಕೆ ತೆಗೆದುಕೊಳ್ಳಬಹುದು. ಶಾಂತಿ ಬಂದ ಮೇಲೆ ಅವನ್ನು ಹಿಂದಿರುಗಿಸಬೇಕು, ನಷ್ಟಕ್ಕೆ ಪರಿಹಾರ ಕೊಡಬೇಕು.

ಅಂದರೆ ಕಾರು ತೆಗೆದುಕೊಂಡದ್ದೇ ತಪ್ಪು ಅಂತ ಕಣ್ಣು ಮುಚ್ಚಿ ಹೇಳಲು ಆಗುವುದಿಲ್ಲ. ಯಾರ ಅಪ್ಪಣೆ ಇತ್ತು, ಯಾರ ಬಳಕೆಗೆ ಹೋಯಿತು, ಕೈಗೆ ಏನು ಕಾಗದ ಬಂತು, ಕೊನೆಗೆ ವಾಪಸ್ ಬಂತಾ ಅನ್ನುವುದು ಮುಖ್ಯ. ಗಾಯಾಳುಗಳನ್ನು ಸಾಗಿಸಲು ಅಧಿಕಾರಿಯೊಬ್ಬ ಸಹಿ ಹಾಕಿದ ಚೀಟಿ ಕೊಟ್ಟು ಕಾರು ಒಯ್ದಿದ್ದರೆ ಅದು ಕಾನೂನಿನೊಳಗೆ ಬರುತ್ತದೆ. ಇಬ್ಬರು ಸೈನಿಕರು ಬಂದೂಕು ತೋರಿಸಿ ಕೀಲಿ ಕಸಿದುಕೊಂಡು ಮನೆ ಕಡೆ ಓಡಿಸಿದರೆ ಅದು ಲೂಟಿ, ಅಷ್ಟೇ. ಕುವೈತ್‌ನಲ್ಲಿ ಆ ಏಳು ತಿಂಗಳು ನಡೆದದ್ದರಲ್ಲಿ ಎರಡನೇ ಬಗೆಯದ್ದೇ ಜಾಸ್ತಿ. ಕಾರು, ಅಂಗಡಿಯ ಸರಕು, ಆಸ್ಪತ್ರೆಯ ಯಂತ್ರ, ಎಲ್ಲ ಗಡಿ ದಾಟಿ ಇರಾಕಿಗೆ ಹೋದವು. ಊರಿನಲ್ಲಿರುವ ಸೈನ್ಯದ ಅಗತ್ಯಕ್ಕೆ ತೆಗೆದುಕೊಂಡದ್ದಾದರೆ ಅದು ಊರು ಬಿಟ್ಟು ಹೋಗಬೇಕಾಗಿಯೇ ಇರಲಿಲ್ಲ.

ಇಲ್ಲಿ ಒಂದು ಎಚ್ಚರದ ಮಾತು ಹೇಳಬೇಕು. ಆಸ್ಪತ್ರೆಯ ಇನ್‌ಕ್ಯುಬೇಟರ್‌ಗಳಿಂದ ಹಸುಗೂಸುಗಳನ್ನು ಎತ್ತಿ ನೆಲಕ್ಕೆ ಹಾಕಿದರು ಅನ್ನುವ ಕತೆಯನ್ನು ನೀವೂ ಕೇಳಿರಬಹುದು. 1990ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ಒಬ್ಬ ಹುಡುಗಿ ಅಳುತ್ತಾ ಸಾಕ್ಷಿ ಹೇಳಿದ ಮೇಲೆ ಅದು ಲೋಕವೆಲ್ಲ ಹರಡಿತು. ಆಮೇಲೆ ವಿಚಾರಿಸಿದಾಗ ಅದಕ್ಕೆ ಆಧಾರ ಸಿಗಲಿಲ್ಲ. ನಿಜವಾಗಿ ನಡೆದ ಅನ್ಯಾಯವೇ ಸಾಕಷ್ಟಿರುವಾಗ ಕಟ್ಟುಕತೆ ಸೇರಿಸಿದರೆ, ನೊಂದವರ ನಿಜವಾದ ದೂರಿಗೂ ಬೆಲೆ ಕಮ್ಮಿಯಾಗುತ್ತದೆ. ಈ ವಿಷಯ ಓದುವವರು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಲೇಬೇಕು.

ಈಗ ನಿಮಗೊಂದು ಅನುಮಾನ ಬರಬಹುದು. ಇರಾಕ್ ಆಗ "ಕುವೈತ್ ಬೇರೆ ದೇಶವೇ ಅಲ್ಲ, ಅದು ನಮ್ಮ 19ನೇ ಪ್ರಾಂತ್ಯ" ಅಂತ ಘೋಷಿಸಿತ್ತಲ್ಲ, ತನ್ನದೇ ಪ್ರಾಂತ್ಯದಲ್ಲಿ ಅದು ಆಕ್ರಮಣಕಾರ ಹೇಗಾಗುತ್ತದೆ ಅಂತ. ಈ ತಂತ್ರ ಮೊದಲೇ ಗೊತ್ತಿದ್ದದ್ದೇ. ಅದಕ್ಕೇ ಜಿನೀವಾ ಒಪ್ಪಂದದ 47ನೇ ವಿಧಿ, ನೆಲವನ್ನು ತನ್ನದಕ್ಕೆ ಸೇರಿಸಿಕೊಂಡೆ ಅಂದ ಮಾತ್ರಕ್ಕೆ ಅಲ್ಲಿನ ಜನರ ರಕ್ಷಣೆ ಕಳಚುವುದಿಲ್ಲ ಅಂತ ಬರೆದಿಟ್ಟಿದೆ. 1990ರ ಆಗಸ್ಟ್ 2ರಂದು ಸೈನ್ಯ ನುಗ್ಗಿತು, 8ರಂದು ವಿಲೀನದ ಘೋಷಣೆ ಆಯಿತು, 9ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 662ನೇ ನಿರ್ಣಯದಲ್ಲಿ ಅದಕ್ಕೆ ಯಾವ ಬೆಲೆಯೂ ಇಲ್ಲ ಅಂದಿತು. ಹಿಡಿತ ಯಾರ ಕೈಲಿದೆ ಅನ್ನುವುದನ್ನಷ್ಟೇ ಕಾನೂನು ನೋಡುತ್ತದೆ. ಹಿಡಿತ ಇದ್ದವರ ಮೇಲೆ ಹೊಣೆ ಇರುತ್ತದೆ, ಅವರು ಆ ನೆಲವನ್ನು ಯಾವ ಹೆಸರಿನಿಂದ ಕರೆದರೂ ಸರಿ.

ನಿಮ್ಮ ತಂದೆಯವರಂಥ ಭಾರತೀಯರ ಸ್ಥಿತಿಯನ್ನೂ ಹೇಳಿಬಿಡುತ್ತೇನೆ. ಆಗ ಅಲ್ಲಿ ನಮ್ಮವರು ಒಂದೂವರೆ ಲಕ್ಷಕ್ಕೂ ಜಾಸ್ತಿ ಇದ್ದರು, ಕರಾವಳಿಯವರೂ ಅದರಲ್ಲಿ ಸಾಕಷ್ಟು ಜನ. ಇರಾಕ್ ಜೊತೆ ಭಾರತಕ್ಕೆ ಜಗಳ ಇರಲಿಲ್ಲ, ಆದರೂ ಆಕ್ರಮಿತ ನೆಲದಲ್ಲಿ ಸಿಕ್ಕಿಕೊಂಡ ಮೂರನೇ ದೇಶದವರಿಗೂ ಜಿನೀವಾ ಒಪ್ಪಂದದ ರಕ್ಷಣೆ ಇತ್ತು. ಹೊರಟು ಹೋಗಲು ಅನುಮತಿ ಕೇಳುವ ಹಕ್ಕು 48ನೇ ವಿಧಿಯಲ್ಲಿದೆ. ಅನ್ನ, ಔಷಧಿಯ ಮಾತು ಅದೇ ಒಪ್ಪಂದದ 55ನೇ ವಿಧಿಯಲ್ಲಿದೆ. ಕೈಲಾದಷ್ಟೂ ಮಟ್ಟಿಗೆ ಜನರಿಗೆ ಆಹಾರ, ಔಷಧಿ ಸಿಗುವಂತೆ ಮಾಡುವುದು ಹಿಡಿದವರ ಕರ್ತವ್ಯ. ಅಲ್ಲಿ ಸಾಲದಿದ್ದರೆ ಹೊರಗಿನಿಂದ ತರಿಸಬೇಕು. ಸೈನ್ಯಕ್ಕೆ ಅಂತ ಆಹಾರ ತೆಗೆದುಕೊಳ್ಳುವಾಗಲೂ ಜನರ ಪಾಲು ಎಷ್ಟು ಬೇಕು ಅಂತ ನೋಡಲೇಬೇಕು. ತಾನು ಕೊಡಲಾಗದಿದ್ದರೆ ಬೇರೆಯವರು ತರುವ ನೆರವನ್ನು ಒಳಗೆ ಬಿಡಬೇಕು, ಹಾಗೆ ಬಿಟ್ಟ ಮಾತ್ರಕ್ಕೆ ತನ್ನ ಹೊಣೆ ಮುಗಿಯಿತು ಅನ್ನುವ ಹಾಗೂ ಇಲ್ಲ. ಆ ಸೆಪ್ಟೆಂಬರ್‌ನಲ್ಲಿ ಭಾರತ ತನ್ನವರಿಗಾಗಿ ಆಹಾರ ತುಂಬಿದ ಹಡಗು ಕಳಿಸಿದ್ದು, ಭದ್ರತಾ ಮಂಡಳಿಯ ಸಮಿತಿ ಅದಕ್ಕೆ ಒಪ್ಪಿಗೆ ಕೊಟ್ಟಿದ್ದು ಹಿರಿಯರಿಗೆ ನೆನಪಿರಬಹುದು.

ಜನರ ವಿಷಯದಲ್ಲಿ ಇನ್ನೊಂದು ಸಂಗತಿ ಇದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ. ಕುವೈತ್‌ನ ಜನಸಂಖ್ಯೆಯ ದಾಖಲೆಗಳನ್ನೇ ನಾಶ ಮಾಡಿ, ಯಾರು ಅಲ್ಲಿಯವರು ಅನ್ನುವುದನ್ನೇ ಅಳಿಸುವ ಪ್ರಯತ್ನ ನಡೆದಿತ್ತು. ಆಸ್ತಿ ಪತ್ರ ಇದ್ದರೂ ಅದರ ಮೇಲಿನ ಹೆಸರಿನವರು ಯಾರು ಅಂತ ತೋರಿಸಲು ದಾಖಲೆ ಇಲ್ಲದಿದ್ದರೆ ಏನು ಮಾಡುವುದು? ಅದೃಷ್ಟಕ್ಕೆ ಆ ದಾಖಲೆಯ ಒಂದು ಪ್ರತಿ ಹೊರಗೆ ಬಂದಿತ್ತು. 1990ರ ನವೆಂಬರ್ 28ರ 677ನೇ ನಿರ್ಣಯದಲ್ಲಿ ಭದ್ರತಾ ಮಂಡಳಿ, ಆಗಸ್ಟ್ 1ರವರೆಗಿನ ಆ ದಾಖಲೆಯ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವಂತೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಗೆ ಹೇಳಿತು. ಆಕ್ರಮಣ ಶುರುವಾಗುವ ಹಿಂದಿನ ದಿನದವರೆಗಿನ ಲೆಕ್ಕ ಅದು. ನನ್ನ ಮಟ್ಟಿಗೆ ಈ ನಿರ್ಣಯ ಇಡೀ ಪ್ರಕರಣದಲ್ಲೇ ಅತಿ ಬುದ್ಧಿವಂತ ಕೆಲಸ.

ಒಡೆತನ ಬದಲಾಗುವುದಿಲ್ಲ ಅನ್ನುವ ಮಾತು ನಿಜವಾಗಿ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಲು ಕಾರಿಗಿಂತ ದೊಡ್ಡ ಉದಾಹರಣೆ ಇದೆ. ಆಕ್ರಮಣದ ಮೊದಲ ದಿನಗಳಲ್ಲೇ ಕುವೈತ್ ಏರ್‌ವೇಸ್‌ನ 10 ವಿಮಾನಗಳನ್ನು ಇರಾಕಿಗೆ ಹಾರಿಸಿಕೊಂಡು ಹೋದರು. ಇಲ್ಲಿಯವರೆಗೆ, ವಾಹನವನ್ನು ವಶಕ್ಕೆ ತೆಗೆದುಕೊಂಡೆವು ಅಂತ ವಾದಿಸಲು ಸ್ವಲ್ಪ ಜಾಗ ಇರಬಹುದು. ಆದರೆ ಸೆಪ್ಟೆಂಬರ್‌ನಲ್ಲಿ ಬಾಗ್ದಾದ್‌ನ ಆಡಳಿತ ಒಂದು ಆದೇಶ ಹೊರಡಿಸಿತು. ಕುವೈತ್ ಏರ್‌ವೇಸ್ ಅನ್ನುವ ಸಂಸ್ಥೆಯನ್ನೇ ವಿಸರ್ಜಿಸಿ, ಅದರ ಆಸ್ತಿಯನ್ನೆಲ್ಲ ಇರಾಕಿ ಏರ್‌ವೇಸ್‌ಗೆ ಬರೆದುಕೊಟ್ಟಿತು. ಕೆಲವು ವಿಮಾನಗಳಿಗೆ ಹೊಸ ಬಣ್ಣ ಬಳಿದರು. ಭೋಗ್ಯದವರು ತೋಟದ ಪಹಣಿಯಲ್ಲೇ ತಮ್ಮ ಹೆಸರು ಹಾಕಿಸಿಕೊಂಡ ಹಾಗೆ ಇದು.

ಮುಂದೆ ಏನಾಯಿತು ನೋಡಿ. ನಾಲ್ಕು ವಿಮಾನಗಳು ಮೋಸುಲ್‌ನಲ್ಲಿದ್ದವು, 1991ರ ಬಾಂಬ್ ದಾಳಿಯಲ್ಲಿ ನಾಶವಾದವು. ಉಳಿದ ಆರನ್ನು ಕಾಪಾಡಲು ಇರಾನಿಗೆ ಕಳಿಸಿದ್ದರು. 1992ರಲ್ಲಿ ಕುವೈತ್‌ನವರು ಇರಾನಿಗೆ ನಿರ್ವಹಣೆಯ ಖರ್ಚು ಕಟ್ಟಿ ಅವನ್ನು ಬಿಡಿಸಿಕೊಂಡು ಬಂದರು. ಲಂಡನ್ನಿನಲ್ಲಿ ಮೊಕದ್ದಮೆ ಹೂಡಿದರು. ಇರಾಕಿ ಏರ್‌ವೇಸ್ ವಾದ ಸರಳವಾಗಿತ್ತು: ನಮ್ಮ ದೇಶದ ಕಾನೂನಿನ ಪ್ರಕಾರ ವಿಮಾನಗಳು ನಮ್ಮವು, ಒಂದು ದೇಶದ ಕಾನೂನನ್ನು ಇನ್ನೊಂದು ದೇಶದ ಕೋರ್ಟು ಪ್ರಶ್ನಿಸಬಾರದು. ಇನ್ನೊಂದು ವಾದವೂ ಇತ್ತು. ಆ ನಾಲ್ಕನ್ನು ಸುಟ್ಟದ್ದು ನಾವಲ್ಲ, ಬಾಂಬ್ ಹಾಕಿದವರು ಬೇರೆಯವರು.

2002ರಲ್ಲಿ, ಆಗ ಬ್ರಿಟನ್ನಿನ ಅತಿ ದೊಡ್ಡ ಕೋರ್ಟು ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಎರಡನ್ನೂ ತಳ್ಳಿಹಾಕಿತು. ಸಾಮಾನ್ಯವಾಗಿ ಬೇರೆ ದೇಶದ ಕಾನೂನಿಗೆ ಗೌರವ ಕೊಡುತ್ತೇವೆ, ಆದರೆ ಲೋಕವೇ ಒಪ್ಪಿದ ನಿಯಮವನ್ನು ಇಷ್ಟು ನೇರವಾಗಿ ಮುರಿದ ಆದೇಶಕ್ಕೆ ನಮ್ಮ ಕೋರ್ಟಿನಲ್ಲಿ ಜಾಗ ಇಲ್ಲ ಅಂದಿತು. ನಾಶವಾದ ನಾಲ್ಕರ ಬಗ್ಗೆ ಹೇಳಿದ ಮಾತನ್ನು ನಮ್ಮ ಹಳ್ಳಿಯ ಪಂಚಾಯ್ತಿಯಲ್ಲೂ ಒಪ್ಪುತ್ತಾರೆ: ಪರರ ವಸ್ತುವನ್ನು ತನ್ನದು ಅಂತ ಇಟ್ಟುಕೊಂಡವನು, ಅದು ತನ್ನ ಕೈಲಿದ್ದಾಗ ಹಾಳಾದರೆ ಬೆಲೆ ಕಟ್ಟಬೇಕು. ಒಂದು ವಿಷಯ ಸ್ಪಷ್ಟ ಮಾಡಬೇಕು. ಕೋರ್ಟು ಮುಖ್ಯವಾಗಿ ನೆಚ್ಚಿಕೊಂಡದ್ದು ವಿಶ್ವಸಂಸ್ಥೆಯ ಸನ್ನದು ಮತ್ತು ಭದ್ರತಾ ಮಂಡಳಿಯ ನಿರ್ಣಯಗಳನ್ನು, ಹೇಗ್ ನಿಯಮಗಳನ್ನಲ್ಲ. ಆದರೂ ಫಲ ಒಂದೇ ಆಯಿತು. ಆಕ್ರಮಣ ಮಾಡಿದವರು ಬರೆದ ಕ್ರಯಪತ್ರದಿಂದ ಒಡೆತನ ದಾಟಲಿಲ್ಲ.

ನಿಮ್ಮ ತಂದೆಯವರಿಗೆ ದುಡ್ಡು ಬಂದ ದಾರಿ ಬೇರೆ. ಎಲ್ಲರೂ ಲಂಡನ್ನಿಗೆ ಹೋಗಿ ಕೇಸು ಹಾಕಲು ಆಗುವುದಿಲ್ಲ ಅಲ್ವಾ? ಕುವೈತ್ ಇನ್ನೂ ಇರಾಕಿನ ಹಿಡಿತದಲ್ಲಿರುವಾಗಲೇ, 1990ರ ಅಕ್ಟೋಬರ್‌ನಲ್ಲಿ, ಭದ್ರತಾ ಮಂಡಳಿ ಎಲ್ಲ ದೇಶಗಳಿಗೆ ನಿಮ್ಮ ಪ್ರಜೆಗಳ ನಷ್ಟದ ವಿವರ ಸೇರಿಸಿಡಿ ಅಂತ ಹೇಳಿತ್ತು. 1991ರ ಏಪ್ರಿಲ್‌ನ 687ನೇ ನಿರ್ಣಯ, ಈ ಆಕ್ರಮಣ ಮತ್ತು ಹಿಡಿತದಿಂದ ನೇರವಾಗಿ ಆದ ನಷ್ಟಕ್ಕೆಲ್ಲ ಇರಾಕ್ ಹೊಣೆ ಅಂದಿತು. ಅದನ್ನು ಲೆಕ್ಕ ಹಾಕಲು ಜಿನೀವಾದಲ್ಲಿ ವಿಶ್ವಸಂಸ್ಥೆಯ ಪರಿಹಾರ ಆಯೋಗ ಶುರುವಾಯಿತು. ಹಣ ಎಲ್ಲಿಂದ? ಇರಾಕ್ ಮಾರುವ ತೈಲದ ಆದಾಯದ ಒಂದು ಪಾಲು ನೇರವಾಗಿ ಆಯೋಗದ ನಿಧಿಗೆ ಹೋಗಬೇಕು. ಮೊದಲು ಅದು ನೂರಕ್ಕೆ 30 ಇತ್ತು, ಆಮೇಲೆ 25ಕ್ಕೆ ಇಳಿಯಿತು.

ಅರ್ಜಿಯನ್ನು ಜನ ನೇರವಾಗಿ ಹಾಕುವ ಹಾಗಿರಲಿಲ್ಲ, ತಮ್ಮ ಸರ್ಕಾರದ ಮೂಲಕ ಹಾಕಬೇಕಿತ್ತು. ದುಡ್ಡೂ ಸರ್ಕಾರದ ಮೂಲಕವೇ ಬಂತು. ಆಯೋಗ ಇಲ್ಲಿ ಒಂದು ಒಳ್ಳೆಯ ಕೆಲಸ ಮಾಡಿತು. ದೊಡ್ಡ ಕಂಪನಿಗಳನ್ನು, ಸರ್ಕಾರಗಳನ್ನು ಸಾಲಿನಲ್ಲಿ ಹಿಂದೆ ನಿಲ್ಲಿಸಿ, ಸಾಮಾನ್ಯ ಜನರ ಸಣ್ಣ ಅರ್ಜಿಗಳನ್ನು ಮುಂದೆ ತಂದಿತು. ಕುವೈತ್ ಅಥವಾ ಇರಾಕ್ ಬಿಟ್ಟು ಓಡಿ ಬರಬೇಕಾದವರಿಗೆ ಒಂದು ನಿಗದಿ ಮೊತ್ತ ಇತ್ತು. ಅಲ್ಲಿ ಇದ್ದೆ, ಬಿಟ್ಟು ಬಂದೆ ಅಂತ ತೋರಿಸಿದರೆ ಸಾಕು. ಒಬ್ಬರಿಗೆ 2,500 ಅಥವಾ 4,000 ಡಾಲರ್, ಕುಟುಂಬಕ್ಕೆ 5,000 ಅಥವಾ 8,000. ಇದಕ್ಕೆ ಎ ವರ್ಗ ಅಂತ ಹೆಸರು. ಕಾರು, ಮನೆ ಸಾಮಾನು, ಬ್ಯಾಂಕಿನಲ್ಲಿದ್ದ ಹಣ, ಬಾಕಿ ಸಂಬಳ ಹೋದವರಿಗೆ 1 ಲಕ್ಷ ಡಾಲರ್‌ವರೆಗೆ ಸಿ ವರ್ಗ.

ಬಂದೂಕಿನ ಮುಂದೆ ನಿಂತವರ ಹತ್ತಿರ ರಸೀದಿ ಎಲ್ಲಿಂದ ಬರುತ್ತದೆ? ಆಯೋಗಕ್ಕೂ ಅದು ಗೊತ್ತಿತ್ತು. ರಸೀದಿ ಕೊಡುವುದು ತೆಗೆದುಕೊಂಡವರ ಕರ್ತವ್ಯ. ಅದನ್ನು ಕೊಡದೆ ಹೋದರೆ ಅದರ ಭಾರವನ್ನು ಕಳೆದುಕೊಂಡವರ ಮೇಲೆ ಹೊರಿಸುವುದು ನ್ಯಾಯ ಅಲ್ಲ. ಸಣ್ಣ ಅರ್ಜಿಗಳಿಗೆ ಪರಿಸ್ಥಿತಿ ನೋಡಿಕೊಂಡು, ಸಿಕ್ಕಷ್ಟು ಪುರಾವೆ ಸಾಕು ಅಂದರು. ಲಕ್ಷಗಟ್ಟಲೆ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ಒಟ್ಟಿಗೆ ತಾಳೆ ನೋಡಿ, ಮಾದರಿ ಪರೀಕ್ಷೆ ಮಾಡಿ ತೀರ್ಮಾನಿಸಿದರು. ಇದರಿಂದ ಕೆಲವರಿಗೆ ನಿಜವಾದ ನಷ್ಟಕ್ಕಿಂತ ಕಮ್ಮಿ ಬಂದಿರುವುದು ಖಂಡಿತ. ನಿಮ್ಮ ತಂದೆಗೆ "ಸ್ವಲ್ಪ" ದುಡ್ಡು ಬಂತು ಅಂದಿರಲ್ಲ, ಅದು ಈ ಎರಡರಲ್ಲಿ ಯಾವುದೋ ಒಂದು ವರ್ಗದ್ದಿರಬೇಕು. ಹಳೆಯ ಅರ್ಜಿಯ ಪ್ರತಿ ಮನೆಯಲ್ಲಿದ್ದರೆ ಅದರ ಮೇಲೆ ವರ್ಗ ಬರೆದಿರುತ್ತದೆ, ನೋಡಿ. ಎ ಅಂತ ಇದ್ದರೆ ಆ ಹಣ ಊರು ಬಿಟ್ಟದ್ದಕ್ಕೆ, ಕಾರಿಗೆ ಅಲ್ಲ.

ಈ ಕತೆಗೆ ಇನ್ನೊಂದು ಮುಖ ಇದೆ. 2003ರಲ್ಲಿ ಇರಾಕೇ ಬೇರೆಯವರ ಹಿಡಿತಕ್ಕೆ ಬಿತ್ತು. ಆಗ ಇದೇ ಕರ್ತವ್ಯಗಳು ಅಮೆರಿಕ ಮತ್ತು ಬ್ರಿಟನ್ ಮೇಲೆ ಬಂದವು, 1483ನೇ ನಿರ್ಣಯದಲ್ಲಿ ಭದ್ರತಾ ಮಂಡಳಿ ಅದನ್ನು ಹೆಸರು ಹಿಡಿದೇ ಹೇಳಿತು. ಅವರು ಕೂಡ ಎಡವಿದರು. ಏಪ್ರಿಲ್ 9ರಂದು ಬಾಗ್ದಾದ್ ಬಿತ್ತು. ಮುಂದಿನ ದಿನಗಳಲ್ಲಿ ಜನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ನುಗ್ಗಿದರು, ಸುಮಾರು 15,000 ವಸ್ತುಗಳು ಕಳುವಾದವು. ಕಾವಲಿಗೆ ಅಮೆರಿಕದ ಟ್ಯಾಂಕುಗಳು ಬಂದದ್ದು 16ರಂದು. ಲೂಟಿ ಮಾಡಿದವರು ಅವರ ಸೈನಿಕರಲ್ಲ, ನಿಜ. ಆದರೆ ಹೇಗ್ ನಿಯಮಗಳ 43ನೇ ವಿಧಿ ಸಾರ್ವಜನಿಕ ವ್ಯವಸ್ಥೆ, ಸುರಕ್ಷತೆ ಕಾಪಾಡಲು ಕೈಲಾದದ್ದೆಲ್ಲ ಮಾಡಬೇಕು ಅನ್ನುತ್ತದೆ. ತೈಲ ಸಚಿವಾಲಯಕ್ಕೆ ಕಾವಲು ಹಾಕಲು ಆದವರಿಗೆ ವಸ್ತುಸಂಗ್ರಹಾಲಯಕ್ಕೂ ಹಾಕಲು ಆಗುತ್ತಿತ್ತು ಅಂತ ನಾನು ನಂಬುತ್ತೇನೆ. ಸುಮ್ನೆ ನಿಂತು ನೋಡಿದ್ದೂ ಈ ಕಾನೂನಿನಲ್ಲಿ ತಪ್ಪೇ.

ಇನ್ನು ತೈಲ. ನೆಲದಡಿಯ ತೈಲ ಸರ್ಕಾರದ ಸ್ಥಿರ ಆಸ್ತಿ, ಅಲ್ಲಿಗೆ ಭೋಗ್ಯದ ನಿಯಮ ಬರುತ್ತದೆ. ತೈಲ ತೆಂಗಿನಕಾಯಿಯ ಹಾಗೆ ಮತ್ತೆ ಬಿಡುವುದಿಲ್ಲ, ಹಾಗಾಗಿ ಇಲ್ಲಿ ವಕೀಲರ ನಡುವೆ ಜಗಳ ಇದೆ. ಈಗಾಗಲೇ ಓಡುತ್ತಿರುವ ಬಾವಿಯಿಂದ ಎಂದಿನ ಪ್ರಮಾಣದಲ್ಲಿ ತೆಗೆಯಬಹುದು ಅಂತ ಹೆಚ್ಚಿನವರು ಒಪ್ಪುತ್ತಾರೆ. ಹೊಸ ಬಾವಿ ತೋಡುವ ಹಾಗಿಲ್ಲ ಅಂತ 1976ರಲ್ಲಿ ಬರೆದದ್ದು ಅಮೆರಿಕದ ವಿದೇಶಾಂಗ ಇಲಾಖೆಯೇ. ಆಗ ಇಸ್ರೇಲ್ ಸಿನಾಯ್ ಪಕ್ಕದ ಸೂಯೆಜ್ ಕೊಲ್ಲಿಯಲ್ಲಿ ತೈಲ ತೆಗೆಯಲು ಹೊರಟಿತ್ತು. ಇರಾಕಿನಲ್ಲಿ ತೈಲದ ಹಣವನ್ನು ಇರಾಕ್ ಅಭಿವೃದ್ಧಿ ನಿಧಿಗೆ ಹಾಕಿ ಇರಾಕಿಗರಿಗೇ ಖರ್ಚು ಮಾಡಬೇಕು ಅಂತ ನಿರ್ಣಯವಾಯಿತು. ತತ್ವ ಸರಿಯಾಗಿತ್ತು. ಆದರೆ ಇರಾಕಿನ ಸಚಿವಾಲಯಗಳಿಗೆ ಕೊಟ್ಟ 880 ಕೋಟಿ ಡಾಲರ್ ಮೇಲೆ ಸರಿಯಾದ ನಿಗಾ ಇರಲಿಲ್ಲ ಅಂತ 2005ರಲ್ಲಿ ಅಮೆರಿಕದ ಲೆಕ್ಕ ಪರಿಶೋಧಕರೇ ವರದಿ ಕೊಟ್ಟರು. ಭೋಗ್ಯದವರಿಗೆ ಲೆಕ್ಕದ ಪುಸ್ತಕ ಇಡುವುದೂ ಕರ್ತವ್ಯವೇ.

ನಿಮ್ಮ ತಂದೆಯವರಂಥವರಿಗೆ ಸಂಬಂಧಪಟ್ಟ ಸಾಲು ಅದೇ 1483ನೇ ನಿರ್ಣಯದಲ್ಲಿದೆ. ಸದ್ದಾಂ ಹುಸೇನ್ ಸರ್ಕಾರ ಹೋಗಿತ್ತು, ದೇಶ ಬೇರೆಯವರ ಕೈಲಿತ್ತು. ಆದರೂ ತೈಲದ ಆದಾಯದಲ್ಲಿ ನೂರಕ್ಕೆ 5 ಜಿನೀವಾದ ಪರಿಹಾರ ನಿಧಿಗೆ ಹೋಗುತ್ತಿರಬೇಕು ಅಂತ ಬರೆದರು. ಸಾಲ ಮಾಡಿದ್ದು ಒಂದು ಸರ್ಕಾರ ಅಲ್ಲ, ಒಂದು ದೇಶ ಅನ್ನುವ ಲೆಕ್ಕ. ಸದ್ದಾಂ ಕಾಲದಲ್ಲಿ ಏನೂ ಹೇಳಲು ಆಗದ ಸಾಮಾನ್ಯ ಇರಾಕಿಗರ ಜೇಬಿನಿಂದಲೇ ಆ ಹಣ ಹೋಯಿತು ಅನ್ನುವುದು ನನ್ನನ್ನು ಈಗಲೂ ಕಾಡುತ್ತದೆ. ನಿಮ್ಮ ತಂದೆಗೆ ಬರಬೇಕಾದದ್ದು ನ್ಯಾಯವೇ, ಕೊಟ್ಟವರಿಗೂ ಅದು ಹಗುರವಾಗಿರಲಿಲ್ಲ. ಸುಮಾರು 15 ಲಕ್ಷ ಅರ್ಜಿದಾರರಿಗೆ ಒಟ್ಟು 5,240 ಕೋಟಿ ಡಾಲರ್ ಕೊಟ್ಟು ಮುಗಿಸಿದ್ದು 2022ರ ಜನವರಿಯಲ್ಲಿ, ಕುವೈತ್ ಬಿಡುಗಡೆಯಾಗಿ ಹತ್ತಿರ ಹತ್ತಿರ 31 ವರ್ಷ ಆದಮೇಲೆ.